ಹಳೇ ಮನೆಯ ಮಾತು

ಅಪ್ಪಯ್ಯ, ಆಯಿ ಬೆಂಗಳೂರಿನ ಅಣ್ಣನ ಮನೆಗೆ ಹೋದ ಮೇಲೆ ಶಿರಸಿ ಹತ್ತಿರದ ನಮ್ಮ ಹಳೇ ಮನೆಗೆ ಬೀಗ ಬಿತ್ತು. ಅಡಿಕೆ ತೋಟವನ್ನು ಪಕ್ಕದ ಮನೆಯವರು ನೋಡಿಕೊಂಡರು. ಮನೆಯನ್ನು ನೋಡುವವರಿರಲಿಲ್ಲ.

ದೀಪಾವಳಿಗೆ ನಾವು ಮೂವರೂ ಹೋದೆವು. ಅಡಿಗೆಮನೆ ಮೂಲೆಯಲ್ಲಿ ಹೆಂಚು ಒಡೆದು ಪಕಾಸಿಗೆ ಗೆದ್ದಲು ಹತ್ತಿತ್ತು. ಬೆರಳಿಂದ ಒತ್ತಿದರೆ ಮರ ಪುಡಿಪುಡಿಯಾಗಿ ಉದುರುತ್ತಿತ್ತು.

"ಕೊಟ್ಟುಬಿಡೋಣ" ಅಂದ ಅಣ್ಣ. "ಹೋಂಸ್ಟೇ ಮಾಡೋರು ಒಳ್ಳೇ ರೇಟು ಹೇಳ್ತಿದ್ದಾರೆ. ಸುಮ್ನೆ ಬೀಳೋಕೆ ಬಿಡೋದಕ್ಕಿಂತ ವಾಸಿ ಅಲ್ವಾ?"

ಅಕ್ಕ ಒಪ್ಪಲಿಲ್ಲ. "2005ರ ಕಾನೂನಿನಂತೆ ನಂಗೂ ಸಮಪಾಲಿದೆ. ನಾನು ಸಹಿ ಹಾಕಲ್ಲ. ನನ್ನ ಬಾಣಂತನ ಆದದ್ದು ಈ ಕೋಣೇಲೇ."

"ಹಾಗಾದ್ರೆ ವರ್ಷ ವರ್ಷ ಹೆಂಚು ಕೈಯಾಡಿಸೋಕೆ ಯಾರು ಬರ್ತಾರೆ? ನೀನಾ?"

ಆ ಸಿಟ್ಟಿನಲ್ಲಿ ನ್ಯಾಯವಿತ್ತು. ಇಷ್ಟು ವರ್ಷ ರಿಪೇರಿ ಖರ್ಚೆಲ್ಲ ಹೊತ್ತವನು ಅವನೇ. ನಾನು ಫೋನ್ ಹಚ್ಚಿದೆ.

"ನನ್ನ ಮೇಲೆ ಹಾಕಬೇಡಿ" ಎಂದರು ಅಪ್ಪಯ್ಯ. ಬಾವಿಯಲ್ಲಿ ನೀರು ಎಷ್ಟಿದೆ ಅಂತ ಕೇಳಿ ಫೋನನ್ನು ಆಯಿಗೆ ಕೊಟ್ಟರು.

"ಮಾರಿ" ಎಂದಳು ಆಯಿ. ಒಂದು ಕ್ಷಣವೂ ಯೋಚಿಸಲಿಲ್ಲ. "ಐವತ್ತು ವರ್ಷ ಆ ಒಲೆ ಊದಿದ್ದು ನಾನು. ನಿಮಗೆ ಬೇಕಾದ್ದು ರಜೆಯ ಮನೆ. ಇಲ್ಲಿ ನಲ್ಲಿ ತಿರುಗಿಸಿದ್ರೆ ಬಿಸಿನೀರು ಬರ್ತದೆ."

ಅಕ್ಕ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅಣ್ಣನ ಕಡೆ ತಿರುಗಿದಳು.

"ತೋಟ ಕೊಡಬಾರದು. ಮನೆ ಮಾತ್ರ. ಆ ದುಡ್ಡು ಆಯಿ ಹೆಸರಲ್ಲೇ ಬ್ಯಾಂಕಿಗೆ ಹೋಗಬೇಕು. ಹಾಗಾದ್ರೆ ಸಹಿ ಹಾಕ್ತೇನೆ."

ಅಣ್ಣ ತಲೆಯಾಡಿಸಿದ. ನಾನು ಪಹಣಿ ಹುಡುಕಲು ಅಟ್ಟ ಹತ್ತಿದೆ.