ಜಂತುಹುಳು ಮಾತ್ರೆ ಸರ್ಕ್ಯುಲರ್: ಕನ್ನಡದಲ್ಲಿ, ಜೊತೆಗೆ ಚಿಕ್ಕದಾಗಿ

ಮೂರನೇ ಕ್ಲಾಸಿನ ಪೋಷಕರಿಗೆಲ್ಲ ನಮಸ್ಕಾರ. ನಿನ್ನೆ ಡೈರಿಯಲ್ಲಿ ಅಂಟಿಸಿ ಕಳಿಸಿದ ಇಂಗ್ಲಿಷ್ ಸರ್ಕ್ಯುಲರನ್ನ ಕನ್ನಡದಲ್ಲಿ ಹಾಕಿ ಅಂತ ಕೆಲವರು ಕೇಳಿದ್ರಿ. ಪೂರ್ತಿ ಇಲ್ಲಿದೆ. ಓದೋಕೆ ಪುರಸೊತ್ತಿಲ್ಲದವರು ಸೀದಾ ಕೊನೆಗೆ ಹೋಗಿ.

ಪೋಷಕರ ಗಮನಕ್ಕೆ

ಮಾನ್ಯ ಪೋಷಕರೇ,

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಅಂಗವಾಗಿ ಫೆಬ್ರವರಿ 10, 2026, ಮಂಗಳವಾರ ನಮ್ಮ ಶಾಲೆಯ ಎಲ್ಲ ಮಕ್ಕಳಿಗೂ ಅಲ್ಬೆಂಡಜೋಲ್ 400 ಮಿ.ಗ್ರಾಂ ಮಾತ್ರೆಯನ್ನು ಉಚಿತವಾಗಿ ನೀಡಲಾಗುವುದು. ಮಾತ್ರೆಗಳನ್ನು ಆರೋಗ್ಯ ಇಲಾಖೆ ಪೂರೈಸುತ್ತದೆ.

ಜಂತುಹುಳುವಿನ ಮೊಟ್ಟೆಗಳು ಮಣ್ಣಿನಿಂದ, ತೊಳೆಯದ ಕೈ ಮತ್ತು ತರಕಾರಿಯ ಮೂಲಕ ಹೊಟ್ಟೆ ಸೇರುತ್ತವೆ. ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮದ ಮೂಲಕವೂ ದೇಹವನ್ನು ಪ್ರವೇಶಿಸುತ್ತವೆ. ಇದರಿಂದ ಮಕ್ಕಳಲ್ಲಿ ರಕ್ತಹೀನತೆ, ಸುಸ್ತು, ಪೌಷ್ಟಿಕಾಂಶದ ಕೊರತೆ ಉಂಟಾಗಬಹುದು.

ಮಧ್ಯಾಹ್ನದ ಊಟದ ನಂತರ, ತರಗತಿ ಶಿಕ್ಷಕರ ಎದುರಿನಲ್ಲೇ ಮಕ್ಕಳು ಮಾತ್ರೆಯನ್ನು ಅಗಿದು ತಿನ್ನಬೇಕು. ಮಾತ್ರೆಯನ್ನು ಮನೆಗೆ ಕೊಟ್ಟು ಕಳಿಸುವುದಿಲ್ಲ. ಅಂದು ಮಗುವಿಗೆ ಜ್ವರ ಅಥವಾ ಬೇರೆ ಅನಾರೋಗ್ಯವಿದ್ದರೆ, ಇಲ್ಲವೇ ಮಗು ಯಾವುದೇ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮಾತ್ರೆ ಕೊಡುವುದಿಲ್ಲ. ಅಂಥ ವಿವರವನ್ನು ಡೈರಿಯಲ್ಲಿ ಬರೆದು ಸಹಿ ಮಾಡಿ, ಫೆಬ್ರವರಿ 9ರೊಳಗೆ ಕಳಿಸಬೇಕು. ಇತ್ತೀಚೆಗೆ ಮನೆಯಲ್ಲೇ ಜಂತುಹುಳು ಔಷಧಿ ಕೊಟ್ಟಿದ್ದರೆ ಅದನ್ನೂ ತಿಳಿಸಿ.

ಮಾತ್ರೆ ತಿಂದ ಬಳಿಕ ಕೆಲವು ಮಕ್ಕಳಿಗೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಅಥವಾ ಸುಸ್ತು ಕಾಣಿಸಬಹುದು. ಹೊಟ್ಟೆಯಲ್ಲಿ ಹುಳುಗಳಿರುವ ಮಕ್ಕಳಲ್ಲಿ ಇದು ಹೆಚ್ಚು. ಸಾಮಾನ್ಯವಾಗಿ ತಾನಾಗಿಯೇ ಕಡಿಮೆಯಾಗುತ್ತದೆ. ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ, ಶಾಲಾ ಕಚೇರಿಗೂ ತಿಳಿಸಿ.

ಅಂದು ಗೈರುಹಾಜರಾದವರಿಗೆ ಮತ್ತು ಅನಾರೋಗ್ಯದಿಂದ ತಪ್ಪಿಸಿಕೊಂಡವರಿಗೆ ಫೆಬ್ರವರಿ 17ರಂದು ಮಾತ್ರೆ ನೀಡಲಾಗುವುದು.

ಪ್ರಾಂಶುಪಾಲರು

ಸರ್ಕ್ಯುಲರ್ ಇಷ್ಟೇ. ಇನ್ನೊಂದು ಮಾತು, ಇದು ನನ್ನದು: ನಮ್ಮ ಮಕ್ಕಳಿಗೆ ಮಾತ್ರೆ ಅಂದ್ರೆ ನೀರು ಕುಡಿದು ಗುಳುಂ ಅನಿಸೋದೇ ಗೊತ್ತು. ಚೆನ್ನಾಗಿ ಅಗಿಬೇಕು ಅಂತ ಹಿಂದಿನ ದಿನ ರಾತ್ರಿಯೇ ಹೇಳಿಡಿ. ಡಬ್ಬಿ ಪೂರ್ತಿ ಖಾಲಿ ಮಾಡೋಕೂ ಹೇಳಿ, ನಮ್ಮನೆಯವನಂತೂ ಅರ್ಧ ಚಪಾತಿ ವಾಪಸ್ ತರೋ ಗಿರಾಕಿ.

ಚಿಕ್ಕದಾಗಿ

ಫೆ. 10, ಮಂಗಳವಾರ, ಊಟ ಆದ್ಮೇಲೆ ಸ್ಕೂಲಲ್ಲೇ ಜಂತುಹುಳು ಮಾತ್ರೆ. ದುಡ್ಡು ಕೊಡೋದು ಏನಿಲ್ಲ.
ನುಂಗೋದಲ್ಲ, ಅಗಿದು ತಿನ್ನೋದು.
ಹುಷಾರಿಲ್ಲದಿದ್ರೆ, ಬೇರೆ ಔಷಧಿ ನಡೀತಿದ್ರೆ, ಈಚೆಗೆ ಹುಳದ ಔಷಧಿ ಕೊಟ್ಟಿದ್ರೆ 9ರೊಳಗೆ ಡೈರಿಯಲ್ಲಿ ಬರೆದು ಸಹಿ ಹಾಕಿ ಕಳಿಸಿ.
ಸಣ್ಣ ಹೊಟ್ಟೆನೋವಿಗೆ ಗಾಬರಿ ಬೇಡ. ಜಾಸ್ತಿ ಆದ್ರೆ ಡಾಕ್ಟರ್ ಹತ್ರ ಹೋಗಿ.
ತಪ್ಪಿಹೋದವರಿಗೆ ಫೆ. 17.