ಗುಡ್ಡದೊಳಗಿನ ನೀರು: ಫೆಲೋಶಿಪ್ ಅರ್ಜಿಯ ಪ್ರಬಂಧ

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳು ಕುಸಿದಾಗ ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೆ. ಮಳೆ ಜಾಸ್ತಿಯಾಯ್ತು, ಗುಡ್ಡ ಜಾರಿತು ಅಂದರು ಎಲ್ಲರೂ. ಸರಿ, ಆದರೆ ಪಕ್ಕದ ಗುಡ್ಡ ಯಾಕೆ ನಿಂತಿತು? ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಏರಿದಷ್ಟೂ ಅವುಗಳ ಹಿಡಿತ ಸಡಿಲವಾಗುತ್ತದೆ. ಆ ಒತ್ತಡವನ್ನು ಅಳೆಯುವುದೇ ಈಗ ನನ್ನ ಪಿಎಚ್‌ಡಿ ಕೆಲಸ.

ಅಡ್ಡಿಗಳ ಬಗ್ಗೆ ಕೇಳಿದ್ದೀರಿ. ಮಳೆಯಲ್ಲಿ ಹೆಣ್ಣುಮಗಳು ಒಬ್ಬಳೇ ಗುಡ್ಡ ಹತ್ತುವುದು ಬೇಡ ಅಂತ ಮೊದಲ ವರ್ಷ ನನ್ನನ್ನು ಲ್ಯಾಬ್‌ನಲ್ಲೇ ಕೂರಿಸಿದರು. ನನಗೆ ಬೇಕಾದ ಅಳತೆ ಸಿಗುವುದೇ ಮಳೆಯಲ್ಲಿ, ಅಲ್ವಾ? ಹಾಗಾಗಿ ಮುಂದಿನ ವರ್ಷ ನಮ್ಮ ಕಾಫಿ ತೋಟದಲ್ಲಿ ಕೆಲಸ ಮಾಡುವ ಇಬ್ಬರು ಅಕ್ಕಂದಿರನ್ನು ಜೊತೆಗೆ ಕರೆದೊಯ್ದೆ, ಕಾಲಿನ ಜಿಗಣೆಗೆ ಉಪ್ಪು ಹಾಕಿಕೊಳ್ಳುತ್ತಲೇ ಗುಡ್ಡದಲ್ಲಿ ಹೂತ ಪೈಪಿನೊಳಗೆ ಅಳತೆ ಟೇಪು ಇಳಿಸಿ, ಅದು ನೀರಿಗೆ ತಾಗಿ ಬೀಪ್ ಅಂದ ಕೂಡಲೇ ನಿಲ್ಲಿಸಿ, ನೀರಿನ ಆಳ ಬರೆಯುವುದನ್ನು ಕಲಿಸಿದೆ. ನಾನು ವಾರಕ್ಕೊಮ್ಮೆ ಹೋಗಬಹುದಿತ್ತು. ಅವರು ದಿನಾ ಬರೆದರು. ನನ್ನ ಒಳ್ಳೆಯ ಡೇಟಾ ಅದೇ.

ಆಮೇಲೆ ಮಗಳು ಹುಟ್ಟಿದಳು, ಹದಿನಾಲ್ಕು ತಿಂಗಳು ಬಿಡುವು. ಅರ್ಜಿಯಲ್ಲಿ ಕಾಣುವ ಖಾಲಿ ಜಾಗ ಅದು. ನೋಟ್‌ಬುಕ್ ಮಾತ್ರ ಖಾಲಿ ಇಲ್ಲ.

ಈ ಹಣದಲ್ಲಿ ಮಣ್ಣಿನೊಳಗಿನ ನೀರಿನ ಒತ್ತಡ ಅಳೆಯುವ ಆರು ಪೀಜೋಮೀಟರ್, ಆ ಅಳತೆಗಳನ್ನು ತಾನೇ ದಾಖಲಿಸುವ ಒಂದು ಡೇಟಾ ಲಾಗರ್, ಅಕ್ಕಂದಿರಿಬ್ಬರಿಗೂ ಸಂಬಳ. ಜೊತೆಗೆ, ನಾನು ಗುಡ್ಡದಲ್ಲಿರುವ ದಿನ ಮಗಳನ್ನು ನೋಡಿಕೊಳ್ಳುವವರ ಕೂಲಿ. ಅದನ್ನೂ ಸಲಕರಣೆ ಪಟ್ಟಿಯಲ್ಲೇ ಸೇರಿಸಿದ್ದೇನೆ, ಬೇಕೆಂದೇ.