ಗುಣೋತ್ತರ ಶ್ರೇಢಿ ಅಭ್ಯಾಸ ಹಾಳೆ: r ಸರಿ ಇದೆಯಾ, ಮೊತ್ತ ಸರಿ ಇದೆಯಾ

ಫಸ್ಟ್ ಪಿಯುಸಿ, ಕೋಲಾರ ಬ್ಯಾಚ್. ಕ್ಯಾಲ್ಕುಲೇಟರ್ ಬೇಡ. ಉತ್ತರ ಕೊನೆಯಲ್ಲಿದೆ, ಆದರೆ ಲೆಕ್ಕ ಮಾಡಿ ಆಮೇಲೆ ನೋಡಿ.

ಮೊದಲು ಒಂದು ಲೆಕ್ಕ ಜೊತೆಗೇ ಮಾಡೋಣ. ಮಾರ್ಕೆಟ್‌ನಲ್ಲಿ 15 ಕೆಜಿ ಟೊಮೆಟೊ ಬಾಕ್ಸಿನ ದರ ಐದು ದಿನ ಹೀಗೆ ಇಳಿಯಿತು ಅಂತ ಇಟ್ಟುಕೊಳ್ಳಿ (ಸುಮ್ನೆ ಲೆಕ್ಕಕ್ಕೆ, ನಿಜವಾದ ದರ ಇಷ್ಟು ಅಚ್ಚುಕಟ್ಟಾಗಿ ಎಲ್ಲಿ ಇಳಿಯುತ್ತದೆ!): 810, 540, 360, 240, 160 ರೂಪಾಯಿ. ದಿನಕ್ಕೊಂದು ಬಾಕ್ಸ್ ಮಾರಿದವರ ಕೈಗೆ ಒಟ್ಟು ಎಷ್ಟು ಬಂತು?

r ಬೇಕಾದರೆ ಯಾವುದೇ ಪದವನ್ನು ಅದರ ಹಿಂದಿನ ಪದದಿಂದ ಭಾಗಿಸಬೇಕು. 540/810 = 2/3. ಇಲ್ಲಿಗೇ ನಿಲ್ಲಿಸಬೇಡಿ. 360/540, 240/360, 160/240, ಇವೂ 2/3 ಬರಬೇಕು, ಬರುತ್ತವೆ. ಒಂದೇ ಜೋಡಿ ನೋಡಿ r ಬರೆಯುವ ಅಭ್ಯಾಸ ತುಂಬಾ ಜನರಿಗಿದೆ, 2ನೇ ಪ್ರಶ್ನೆ ಅವರಿಗೇ ಇಟ್ಟಿದ್ದೇನೆ.

r 1ಕ್ಕಿಂತ ಕಡಿಮೆ ಇದ್ದಾಗ ಈ ರೂಪ ಬಳಸಿ:

```
S_n = a(1 - r^n)/(1 - r)
S_5 = 810(1 - 32/243)/(1/3)
    = 2430 × 211/243 = 2110
```

a(r^n - 1)/(r - 1) ಅಂತ ಬರೆದರೂ ಉತ್ತರ ಇದೇ. ಆಗ ಮೇಲೂ ಕೆಳಗೂ ಮೈನಸ್ ಬರುತ್ತದೆ, ಎರಡೂ ಹೊಡೆದು ಹೋಗುತ್ತವೆ. ತೊಂದರೆ ಆಗುವುದು ಅರ್ಧ ಒಂದು ಸೂತ್ರದಿಂದ, ಅರ್ಧ ಇನ್ನೊಂದರಿಂದ ತೆಗೆದುಕೊಂಡಾಗ. ಎಲ್ಲಾ ಪದಗಳೂ ಧನ ಸಂಖ್ಯೆ ಆಗಿದ್ದು ಮೊತ್ತ ಮೈನಸ್‌ನಲ್ಲಿ ಬಂದರೆ ಅಲ್ಲೇ ಹುಡುಕಿ.

ಈಗ ತಾಳೆ. ಕೊನೆಯ ಪದ l ಗೊತ್ತಿದ್ದರೆ (a - rl)/(1 - r) ಹಾಕಿ: (810 - 320/3) ÷ 1/3 = 2430 - 320 = 2110. ಇದರಲ್ಲಿ r^n ಇಲ್ಲ, ಹಾಗಾಗಿ ಘಾತದಲ್ಲಿ ಎಡವಿದ್ದರೆ ತಕ್ಷಣ ಸಿಕ್ಕಿಬೀಳುತ್ತದೆ. ಇನ್ನೂ ಒಂದಿದೆ, ಪೆನ್ನೇ ಬೇಡ: ಪದಗಳು ಧನ ಆಗಿದ್ದು r 0 ಮತ್ತು 1ರ ಮಧ್ಯೆ ಇದ್ದರೆ ಮೊತ್ತ ಮೊದಲ ಪದಕ್ಕಿಂತ ಜಾಸ್ತಿ, a/(1 - r)ಗಿಂತ ಕಡಿಮೆ ಇರಲೇಬೇಕು. ಇಲ್ಲಿ 810 ಮತ್ತು 2430ರ ಮಧ್ಯೆ 2110. ಸರಿ ಹೋಯ್ತು, ಅಲ್ವಾ?

ಪ್ರಶ್ನೆಗಳು

1. 162, 54, 18, 6, 2. r ಎಷ್ಟು? ಮೊತ್ತವನ್ನು ಸೂತ್ರದಿಂದ ತೆಗೆದು, ಆಮೇಲೆ ಸುಮ್ನೆ ಕೂಡಿ ನೋಡಿ.

2. 96, 48, 24, 16. ಇದು ಗುಣೋತ್ತರ ಶ್ರೇಢಿಯೇ? ಎಲ್ಲಾ ಜೋಡಿಗಳನ್ನೂ ಭಾಗಿಸಿ.

3. 64, 48, 36, 27. ಒಂದು ನೋಟ್‌ಬುಕ್‌ನಲ್ಲಿ r = 64/48 = 4/3, ಮೊತ್ತ ಸುಮಾರು 414.8 ಅಂತ ಇದೆ. ಸೂತ್ರ ಮುಟ್ಟದೆ, ಪದಗಳನ್ನೂ ಕೂಡದೆ, ಈ ಉತ್ತರ ಸಾಧ್ಯವೇ ಇಲ್ಲ ಅಂತ ಒಂದು ವಾಕ್ಯದಲ್ಲಿ ತೋರಿಸಿ. ಆಮೇಲೆ ಸರಿಯಾದ ಮೊತ್ತ ಬರೆಯಿರಿ.

4. 64, -32, 16, -8, 4. ಮೊತ್ತ ಎಷ್ಟು? (-1/2)^5 ಬರೆಯುವಾಗ ಆವರಣ ಬಿಡಬೇಡಿ, 1 - r ಇಲ್ಲಿ 1/2 ಅಲ್ಲ.

5. 3, -6, 12, -24. r 1ಕ್ಕಿಂತ ಕಡಿಮೆಯೇ. ಮೊದಲ ನಾಲ್ಕು ಪದಗಳ ಮೊತ್ತ ತೆಗೆಯಿರಿ. ಅನಂತ ಪದಗಳ ಮೊತ್ತಕ್ಕೆ a/(1 - r) ಹಾಕಿದರೆ 1 ಬರುತ್ತದೆ, ಅದನ್ನು ಒಪ್ಪಬಹುದೇ?

6. ಕೃಷಿ ಹೊಂಡದಲ್ಲಿ 2,00,000 ಲೀಟರ್ ನೀರಿದೆ. ಮೊದಲ ವಾರ ಡ್ರಿಪ್‌ಗೆ 40,000 ಲೀಟರ್ ಬಿಟ್ಟರು, ಮುಂದೆ ಪ್ರತಿ ವಾರ ಹಿಂದಿನ ವಾರದ 4/5 ಭಾಗ. ಮಳೆ ಇಲ್ಲ, ಆವಿಯಾಗುವುದನ್ನು ಬಿಟ್ಟುಬಿಡಿ. ನಾಲ್ಕು ವಾರಕ್ಕೆ ಎಷ್ಟು ನೀರು ಹೋಯಿತು? ಹೀಗೇ ನಡೆದರೆ ಹೊಂಡ ಯಾವತ್ತಾದರೂ ಪೂರ್ತಿ ಖಾಲಿ ಆಗುತ್ತದೆಯೇ?

ಉತ್ತರಗಳು

1. r = 1/3, ಮೊತ್ತ 242.

2. ಅಲ್ಲ. ಮೊದಲೆರಡು ಭಾಗಾಕಾರದಲ್ಲಿ 1/2, ಕೊನೆಯದರಲ್ಲಿ 16/24 = 2/3.

3. ಇರುವುದು ನಾಲ್ಕು ಪದ, ಯಾವುದೂ 64 ದಾಟುವುದಿಲ್ಲ, ಹಾಗಾದರೆ ಮೊತ್ತ 4 × 64 = 256 ದಾಟಲು ಆಗುವುದೇ ಇಲ್ಲ. ಭಾಗಾಕಾರ ತಿರುವುಮುರುವು ಆಗಿದೆ. r = 3/4, ಮೊತ್ತ 256(1 - 81/256) = 175.

4. r = -1/2, 1 - r = 3/2, ಮೊತ್ತ 44. ಆವರಣ ಬಿಟ್ಟವರಿಗೂ ಇಲ್ಲಿ ಸರಿ ಉತ್ತರ ಬಂದಿರಬಹುದು, ಯಾಕೆಂದರೆ ಘಾತ ಬೆಸ. ಅದೇ ತಪ್ಪನ್ನು ನಾಲ್ಕು ಪದಕ್ಕೆ ಮಾಡಿ ನೋಡಿ: 40 ಬರಬೇಕಾದ ಕಡೆ 45.33 ಬರುತ್ತದೆ.

5. S_4 = 3(1 - 16)/3 = -15. ಒಪ್ಪುವ ಹಾಗಿಲ್ಲ. ಅನಂತ ಮೊತ್ತಕ್ಕೆ r ಕಡಿಮೆ ಇದ್ದರೆ ಸಾಲದು, -1 ಮತ್ತು 1ರ ಮಧ್ಯೆಯೇ ಇರಬೇಕು. -2 ಹೊರಗಿದೆ. S_n ಮಾತ್ರ r = 1 ಬಿಟ್ಟು ಎಲ್ಲಾ r ಗೂ ನಡೆಯುತ್ತದೆ.

6. 1,18,080 ಲೀಟರ್. ಖಾಲಿ ಆಗುವುದಿಲ್ಲ. 40,000 ÷ 1/5 = 2,00,000, ಎಷ್ಟೇ ವಾರ ಕೂಡಿದರೂ ಮೊತ್ತ ಅದರ ಹತ್ತಿರ ಹೋಗುತ್ತದೆ, ಮುಟ್ಟುವುದಿಲ್ಲ. n ವಾರ ಆದ ಮೇಲೆ ಉಳಿಯುವುದು 2,00,000 × (4/5)^n ಲೀಟರ್. ಹೊಂಡದಲ್ಲಿ 1,90,000 ಲೀಟರ್ ಮಾತ್ರ ಇದ್ದಿದ್ದರೆ ಎಷ್ಟನೇ ವಾರ ಬರಿದಾಗುತ್ತಿತ್ತು? ಉತ್ತರ 14, ಹೇಗೆ ಅಂತ ನಾಳೆ ಬೋರ್ಡ್ ಮೇಲೆ ನೀವೇ ಮಾಡಿ ತೋರಿಸಿ.